ಕರಿದ ಎಣ್ಣೆ ಯಾರ ತಟ್ಟೆಗೆ?

ಎಕಂಬಾದ ಸುತ್ತಮುತ್ತ, ಔರಾದ್‌ನಿಂದ ಭಾಲ್ಕಿಯವರೆಗೆ, ಭಾಲ್ಕಿಯಿಂದ ಬೀದರ್ ಶಹರದ ತನಕ, ಬಿಸಿ ಜೋಳದ ರೊಟ್ಟಿಯ ಮೇಲೆ ಅಗಸಿ ಹಿಂಡಿ ಹಾಕಿ, ನಡುವೆ ಬೆರಳಿನಿಂದ ಕುಳಿ ಮಾಡಿ, ಕುಸುಬಿಯ ಹಸಿ ಎಣ್ಣೆ ಸುರುವಿಕೊಂಡು ಉಂಡು ಬೆಳೆದವರು ನೀವು. ಹಿಂಗಾರಿ ಜೋಳದ ಹೊಲದ ಅಂಚಿಗೆ ನಿಮ್ಮ ಅಜ್ಜ ಕುಸುಬಿಯ ಸಾಲು ಹಾಕುತ್ತಿದ್ದದ್ದು ಎಣ್ಣೆಗೂ ಆಯಿತು, ಮುಳ್ಳಿಗೆ ಹೆದರಿ ದನ ಒಳಗೆ ಬಾರದಂತೆ ಬೇಲಿಗೂ ಆಯಿತು. ಕಾಳು ಬಡಿದು, ಹಸನು ಮಾಡಿ, ಗಾಣಕ್ಕೆ ಹೊತ್ತು, ಎಣ್ಣೆ ಕೊಡದಲ್ಲಿ ತುಂಬಿಕೊಂಡು, ಹಿಂಡಿ ಎತ್ತಿಗಾಗಿ ತಂದ ಮನೆತನಗಳು ನಿಮ್ಮವು. ಎಣ್ಣೆ ಎಂದರೇನೆಂದು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನೀವು ಬಲ್ಲವರು. ಅದಕ್ಕೇ ಈ ಮಾತನ್ನು ನಿಮಗೇ ಹೇಳಬೇಕಾಗಿದೆ.

ಈಗ ಗಾಣ ಮತ್ತೆ ಬಂದಿದೆ. ಎತ್ತಿನ ಜಾಗದಲ್ಲಿ ಮೋಟಾರು, ಕಲ್ಲಿನ ಜಾಗದಲ್ಲಿ ಕಟ್ಟಿಗೆಯ ಒರಳು, ಆದರೂ ಗಾಣವೇ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಮಕ್ಕಳ ಆರೋಗ್ಯ, ಅಪ್ಪನ ಹೃದಯ, ತಮ್ಮ ಸಕ್ಕರೆ ಕಾಯಿಲೆ ನೆನೆದು ಸ್ಟೀಲಿನ ಕ್ಯಾನಿನಲ್ಲಿ ಗಾಣದ ಎಣ್ಣೆ ತಂದು ಮನೆಗೆ ಬೇರೆ ಎತ್ತಿಡುತ್ತಾರೆ. ಒಳ್ಳೆಯದೇ. ಆದರೆ ಅದೇ ಮನೆಯ ಲಗ್ನಕ್ಕೆ, ಅದೇ ಮನೆಯ ಕೂಲಿಯಾಳಿನ ಊಟಕ್ಕೆ, ಅದೇ ಓಣಿಯ ಹುಡುಗರು ಸಂಜೆ ನಿಲ್ಲುವ ಮಿರ್ಚಿ ಭಜಿಯ ಬಂಡಿಗೆ ಯಾವ ಎಣ್ಣೆ ಹೋಗುತ್ತದೆ, ಅದು ಎಷ್ಟು ಸಲ ಕಾದಿದೆ, ಎಷ್ಟು ಕಪ್ಪಾಗಿದೆ ಎಂದು ನಾವು ನೋಡುವುದಿಲ್ಲ. ನೋಡಿದರೂ ಮುಖ ಆ ಕಡೆ ತಿರುಗಿಸುತ್ತೇವೆ. ಒಳ್ಳೆಯ ಎಣ್ಣೆ ಮೇಲೆ ಉಳಿಯುತ್ತದೆ, ಕೆಟ್ಟ ಎಣ್ಣೆ ಕೆಳಗೆ ಇಳಿಯುತ್ತದೆ. ಕೆಳಗೆ ಇರುವವರು ಕೇಳುವುದಿಲ್ಲ, ಕೇಳುವ ಧೈರ್ಯ ಅವರಿಗಿಲ್ಲ, ಕೇಳಬಹುದೆಂಬುದೇ ಎಷ್ಟೋ ಜನರಿಗೆ ತಿಳಿದಿಲ್ಲ.

ಮೊದಲು ನಿಮ್ಮ ಮನೆಯ ಕ್ಯಾನನ್ನೇ ನೋಡೋಣ, ಯಾಕೆಂದರೆ ಅಲ್ಲೂ ಒಂದು ತಪ್ಪು ನಡೆಯುತ್ತಿದೆ. ಗಾಣ ಕಾಳನ್ನು ನಿಧಾನವಾಗಿ ಅರೆಯುತ್ತದೆ, ಎಣ್ಣೆ ಕೈಗೆ ಬೆಚ್ಚಗೆ ತಾಗುವಷ್ಟೇ ಕಾಯುತ್ತದೆ. ಹೊರಬಂದದ್ದನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ತುಂಬುತ್ತಾರೆ. ಕಾಳಿನ ವಾಸನೆ, ಬಣ್ಣ, ಸಣ್ಣ ಕಣ, ಅದರ ಜೊತೆ ಬಂದ ಒಂದಿಷ್ಟು ಆಮ್ಲ, ಎಲ್ಲವೂ ಎಣ್ಣೆಯಲ್ಲೇ ಉಳಿಯುತ್ತವೆ. ಎಕ್ಸ್‌ಪೆಲ್ಲರ್ ಎಂಬ ಕಬ್ಬಿಣದ ಯಂತ್ರ ಕಾಳನ್ನು ಜೋರಾಗಿ ಹಿಂಡುವುದರಿಂದ ಎಣ್ಣೆ ಹೆಚ್ಚು ಬರುತ್ತದೆ, ಕಾವೂ ಹೆಚ್ಚು. ದೊಡ್ಡ ಕಾರ್ಖಾನೆಯಲ್ಲಿ ಹಿಂಡಿಯಲ್ಲಿ ಉಳಿದದ್ದನ್ನೂ ಹೆಕ್ಸೇನ್ ಎಂಬ ದ್ರಾವಕ ಹಾಕಿ ಎಳೆದುಕೊಳ್ಳುತ್ತಾರೆ. ಆಮೇಲೆ ಅದರ ಅಂಟು ತೆಗೆದು, ಕ್ಷಾರ ಬೆರೆಸಿ ಆಮ್ಲ ಕಳೆದು, ಮಣ್ಣಿನ ಪುಡಿಯಿಂದ ಬಣ್ಣ ಹೀರಿ, ಕೊನೆಗೆ ಇನ್ನೂರು ಡಿಗ್ರಿ ದಾಟಿದ ಕಾವಿನಲ್ಲಿ ಹಬೆ ಹಾಯಿಸಿ ವಾಸನೆ ಹೊಡೆದು ಹಾಕುತ್ತಾರೆ. ಇದೇ ರಿಫೈನ್ಡ್ ಎಣ್ಣೆ. ಔರಾದ್ ತಾಲ್ಲೂಕಿನ ಹೊಲದ ಸೋಯಾ ಲಾತೂರ್ ಕಡೆಯ ಪೇಟೆಗೆ ಚೀಲದಲ್ಲಿ ಹೋಗಿ, ಮಿಲ್ಲಿನಲ್ಲಿ ಇಷ್ಟೆಲ್ಲ ಹಾದು, ಪ್ಯಾಕೆಟ್ಟಾಗಿ ನಮ್ಮ ಕಿರಾಣಿ ಅಂಗಡಿಗೇ ತಿರುಗಿ ಬರುತ್ತದೆ. ಬೆಳೆದವನೇ ಅದನ್ನು ಕೊಳ್ಳುತ್ತಾನೆ.

ಈ ಎರಡು ಬಗೆಯ ಎಣ್ಣೆಗಳ ವ್ಯತ್ಯಾಸ ಕಾವಿನಲ್ಲಿ ಗೊತ್ತಾಗುತ್ತದೆ. ಎಣ್ಣೆ ಕಾದು ಕಾದು, ಒಂದು ಹಂತದಲ್ಲಿ ಕಡಾಯಿಯ ಮೇಲೆ ತೆಳ್ಳಗೆ ನೀಲಿ ಹೊಗೆಯ ಎಳೆ ಏಳುತ್ತದೆಯಲ್ಲ, ಅದು ಆ ಎಣ್ಣೆಯ ಹೊಗೆಬಿಂದು. ಅಲ್ಲಿಂದ ಮುಂದೆ ಎಣ್ಣೆ ಒಡೆಯುತ್ತಿದೆ ಎಂದು ತಿಳಿಯಬೇಕು. ಕಣ್ಣಿಗೆ ಖಾರ ಹೊಡೆದಂತೆ ಉರಿಯುವುದು ಎಣ್ಣೆಯ ಗ್ಲಿಸರಿನ್ ಸುಟ್ಟು ಹುಟ್ಟುವ ಆಕ್ರೋಲಿನ್ ಎಂಬ ವಸ್ತುವಿನಿಂದ. ಕರಿಯಲು ಬೇಕಾದ ಕಾವು ಸುಮಾರು 170ರಿಂದ 180 ಡಿಗ್ರಿ. ಗಾಣದ ಕುಸುಬಿ ಎಣ್ಣೆ ಸಾಮಾನ್ಯ ಪಟ್ಟಿಗಳ ಪ್ರಕಾರ 107 ಡಿಗ್ರಿಯ ಆಸುಪಾಸಿನಲ್ಲೇ ಹೊಗೆಯಾಡತೊಡಗುತ್ತದೆ, ಅಂದರೆ ನೀರು ಕುದಿಯುವ ಕಾವಿಗಿಂತ ತುಸು ಮೇಲೆ. ಗಾಣದ ಶೇಂಗಾ ಎಣ್ಣೆ 160ರ ಹತ್ತಿರ, ಕಾಳು ಹೊಸದಾಗಿದ್ದು ಚೆನ್ನಾಗಿ ಸೋಸಿದ್ದರೆ ಇನ್ನಷ್ಟು ತಾಳುತ್ತದೆ. ರಿಫೈನ್ಡ್ ಶೇಂಗಾ, ಸೂರ್ಯಕಾಂತಿ, ಸೋಯಾ, ತಾಳೆ ಎಲ್ಲವೂ ಹೆಚ್ಚುಕಡಿಮೆ 225ರಿಂದ 235ರ ನಡುವೆ. ಅದೇ ಕುಸುಬಿಯನ್ನು ರಿಫೈನ್ ಮಾಡಿದರೆ 250 ದಾಟುತ್ತದೆ.

ಅಂದಮೇಲೆ ಗಾಣದ ಕುಸುಬಿ ಎಣ್ಣೆಯಲ್ಲಿ ಪೂರಿ ಕರಿದು ಆರೋಗ್ಯ ಗಳಿಸಿದೆವೆಂದು ಹಿಗ್ಗುವುದು ಬರಿಯ ಭ್ರಮೆ. ಅದು ಹಿಂಡಿಯ ಮೇಲೆ ಹಸಿಯಾಗಿ ಸುರಿಯುವ ಎಣ್ಣೆ. ಪುಂಡಿಪಲ್ಯಕ್ಕೆ, ಬ್ಯಾಳಿಗೆ ಮಂದ ಉರಿಯಲ್ಲಿ ಒಗ್ಗರಣೆ ಕೊಡುವ ಎಣ್ಣೆ. ನಮ್ಮ ಅಜ್ಜಿಯರು ಹೊಗೆಬಿಂದು ಎಂಬ ಹೆಸರು ಕೇಳದೆಯೇ ಅದನ್ನು ಹಾಗೇ ಬಳಸಿದರು. ಎಳ್ಳಮಾಸಿಯ ಭಜ್ಜಿಯನ್ನೇ ನೋಡಿ, ಇಷ್ಟು ಸೊಪ್ಪು, ಇಷ್ಟು ಕಾಳು, ಇಷ್ಟು ತರಕಾರಿ, ಒಂದನ್ನೂ ಕರಿಯುವುದಿಲ್ಲ. ಕರಿಯುವುದು ಹಬ್ಬಕ್ಕೊಮ್ಮೆ ಬರುವ ಕೆಲಸವಾಗಿತ್ತು. ಈಗ ದಿನಾ ಸಂಜೆಯ ಕೆಲಸವಾಗಿದೆ.

ಇಲ್ಲಿ ಇನ್ನೊಂದು ಮಾತು ಬಾಕಿ ಇದೆ. ಹೊಗೆಬಿಂದು ಮೇಲಿದ್ದರೆ ಸಾಕು, ಆ ಎಣ್ಣೆ ಕರಿಯಲು ಒಳ್ಳೆಯದು ಎಂದು ಅಂಗಡಿಯವನೂ ಹೇಳುತ್ತಾನೆ, ಓದಿದವರೂ ಹೇಳುತ್ತಾರೆ. ಸಾಲದು. ಹೊಗೆ ಏಳದೆಯೂ ಎಣ್ಣೆ ಒಳಗೊಳಗೇ ಕೆಡಬಲ್ಲದು. ಕುಸುಬಿಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಎಂಬ ಕೊಬ್ಬಿನಾಮ್ಲ, ಸೂರ್ಯಕಾಂತಿಯಲ್ಲಿ ಅರ್ಧಕ್ಕೂ ಮೇಲೆ, ಸೋಯಾದಲ್ಲೂ ಸುಮಾರು ಅರ್ಧ. ದೇಹಕ್ಕೆ ಬೇಕಾದ ಆಮ್ಲವೇ ಅದು, ಆದರೆ ಗಾಳಿ ಮತ್ತು ಕಾವು ಎರಡೂ ಸೇರಿದರೆ ಬೇಗ ಸೋಲುತ್ತದೆ. ಸೋತಾಗ ಆಲ್ಡಿಹೈಡ್‌ಗಳೆಂಬ ಕೆಟ್ಟ ವಸ್ತುಗಳು ಹುಟ್ಟುತ್ತವೆ. ಶೇಂಗಾದಲ್ಲಿ ಸುಮಾರು ಅರ್ಧ ಭಾಗ ಓಲಿಯಿಕ್, ಅದು ಕಾವಿಗೆ ಹೆಚ್ಚು ತಾಳುತ್ತದೆ. ತಾಳೆ ಎಣ್ಣೆ ಇನ್ನೂ ತಾಳುತ್ತದೆ, ಹೋಟೆಲಿನವರು ಅದನ್ನೇ ಹಿಡಿಯಲು ಅಗ್ಗ ಎನ್ನುವುದರ ಜೊತೆ ಇದೂ ಒಂದು ಕಾರಣ. ಆದರೆ ಅದರಲ್ಲಿ ಗಟ್ಟಿಕೊಬ್ಬು ಅರ್ಧದಷ್ಟಿದೆ, ದಿನಾ ಉಂಡರೆ ರಕ್ತದ ಕೊಲೆಸ್ಟ್ರಾಲ್ ಏರುತ್ತದೆ. ಹೀಗಾಗಿ ಎಲ್ಲಕ್ಕೂ ಒಂದೇ ಎಣ್ಣೆ ಎಂಬುದಿಲ್ಲ. ನನ್ನನ್ನು ಕೇಳಿದರೆ, ಹಸಿಯಾಗಿ ಉಣ್ಣಲು ಮತ್ತು ಮಂದ ಒಗ್ಗರಣೆಗೆ ಗಾಣದ ಕುಸುಬಿ, ದಿನದ ಪಲ್ಯ ಸಾರಿಗೆ ಗಾಣದ ಶೇಂಗಾ, ಅಪರೂಪಕ್ಕೆ ಕರಿಯಲು ರಿಫೈನ್ಡ್ ಶೇಂಗಾ ಎನ್ನುತ್ತೇನೆ. ರಿಫೈನ್ಡ್ ಎಂದೊಡನೆ ಹೌಹಾರುವವರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೆ ಹೊಗೆಯಾಡುವ ಗಾಣದ ಎಣ್ಣೆಗಿಂತ ಹೊಗೆಯಾಡದ ರಿಫೈನ್ಡ್ ಎಣ್ಣೆ, ಅದೂ ಒಂದೇ ಸಲ ಕಾಸಿದ್ದು, ಕರಿಯುವ ಕೆಲಸಕ್ಕೆ ಮೇಲು.

ಒಂದೇ ಸಲ. ನನ್ನ ಸಂಕಟವೆಲ್ಲ ಇರುವುದು ಆ ಮಾತಿನಲ್ಲಿ.

ಕಡಾಯಿಯಲ್ಲಿ ಏನಾಗುತ್ತದೆ ನೋಡಿ. ಹೊಸ ರಿಫೈನ್ಡ್ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಅದರ ಹೊಗೆಬಿಂದು 225ರ ಮೇಲೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದಾಗ ಚೊರ್ ಎಂದು ಸದ್ದಾಗುವುದು ಅದರೊಳಗಿನ ನೀರು ಹಬೆಯಾಗಿ ಹೊರಬೀಳುವುದರಿಂದ. ಆ ನೀರು ಎಣ್ಣೆಯನ್ನು ಒಡೆದು ಬಿಡಿ ಆಮ್ಲ ಹುಟ್ಟಿಸುತ್ತದೆ. ಅದು ನೂರಕ್ಕೆ ಒಂದು ಭಾಗ ಮುಟ್ಟಿತೆಂದರೆ ಸಾಕು, ಹೊಗೆಬಿಂದು 160ರ ಆಸುಪಾಸಿಗೆ ಇಳಿದುಬಿಡುತ್ತದೆ. ಎಂದರೆ, ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ, ಕರಿಯುವ ಕಾವಿಗೆ ಬರುವ ಮೊದಲೇ ಆ ಎಣ್ಣೆ ಹೊಗೆ ಉಗುಳುತ್ತದೆ. ಉದುರಿದ ಹಿಟ್ಟಿನ ಪುಡಿ ತಳದಲ್ಲಿ ಕರಕಲಾಗಿ ಕೆಡುಕನ್ನು ಇನ್ನಷ್ಟು ಬೇಗ ಮಾಡುತ್ತದೆ. ಕಾವು ಮತ್ತು ಗಾಳಿ ಎಣ್ಣೆಯ ಕಣಗಳನ್ನು ಒಂದಕ್ಕೊಂದು ಹೆಣೆದು ಮಂದ ಮಾಡುತ್ತವೆ. ಝಾರಿಯಿಂದ ಎತ್ತಿದಾಗ ಎಣ್ಣೆ ಹನಿಹನಿಯಾಗಿ ಬೀಳದೆ ನೂಲಾಗಿ ಇಳಿದರೆ, ಭಜಿ ಹಾಕಿದಾಗ ಎದ್ದ ನೊರೆ ಭಜಿ ತೆಗೆದ ಮೇಲೂ ಕುಂತೇ ಇದ್ದರೆ, ಒಲೆ ಹೊತ್ತಿಸಿದ ಸ್ವಲ್ಪ ಹೊತ್ತಿಗೇ ಏನೂ ಹಾಕದೆ ಹೊಗೆ ಎದ್ದರೆ, ವಾಸನೆ ಹಳೆಯ ಬಣ್ಣದ ಡಬ್ಬಿಯಂತೆ ಮೂಗಿಗೆ ಹೊಡೆದರೆ, ಅದರ ಆಯುಷ್ಯ ಮುಗಿದಿದೆ. ಮಂದವಾದ ಎಣ್ಣೆಯಲ್ಲಿ ಭಜಿ ಬೇಗ ಬೇಯುವುದಿಲ್ಲ, ಎಣ್ಣೆ ಹೆಚ್ಚು ಕುಡಿಯುತ್ತದೆ. ತಿನ್ನುವವನ ಹೊಟ್ಟೆಗೆ ಕೆಟ್ಟದ್ದೇ ಹೆಚ್ಚು ಹೋಗುತ್ತದೆ.

ಹಳೆಯದಕ್ಕೆ ಹೊಸದು ಬೆರೆಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಬಂಡಿಯ ಮುಂದೆ ನಿಂತು ಕೇಳಿ ನೋಡಿ. "ಅಣ್ಣಾ, ಎಣ್ಣಿ ಯಾವಾಗ ಬದ್ಲಿ ಮಾಡಿರಿ?" "ನಿನ್ನಿದು ಸೋಸಿ, ಮ್ಯಾಲ ಹೊಸಾದು ಹಾಕೀನಿ ನೋಡ್ರಿ." ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಹಾಗೇ ಕಲಿಸಿದ್ದಾರೆ. ಆದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿದರೆ ಹೊಗೆಬಿಂದು ಎರಡರ ನಡುವಿಗೆ ಬಂದು ನಿಲ್ಲುವುದಿಲ್ಲ, ಹಳೆಯದರ ಕಡೆಗೇ ಜಾರುತ್ತದೆ. ಹಳೆಯ ಎಣ್ಣೆಯಲ್ಲಿ ಶುರುವಾದ ಕೆಡುವಿಕೆ ಹೊಸದಕ್ಕೂ ಹಬ್ಬುತ್ತದೆ. ಸೋಸಿದರೆ ಕರಕಲು ಹೋದೀತು, ಒಡೆದ ಎಣ್ಣೆ ಕೂಡಿಕೊಳ್ಳುವುದಿಲ್ಲ.

ಸರಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. ಕರಿದ ಎಣ್ಣೆಯಲ್ಲಿ ಹೀಗೆ ಹುಟ್ಟುವ ಕೆಟ್ಟ ವಸ್ತುಗಳ ಒಟ್ಟು ಮೊತ್ತವನ್ನು ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂದು ಅಳೆಯುತ್ತಾರೆ. ಅದು ನೂರಕ್ಕೆ 25 ದಾಟಿದ ಎಣ್ಣೆಯನ್ನು ಬಳಸಬಾರದೆಂದು ಎಫ್‌ಎಸ್‌ಎಸ್‌ಎಐ 2018ರ ಜುಲೈ 1ರಿಂದ ನಿಯಮ ಮಾಡಿದೆ. ಅದೇ ವರ್ಷ ಕರಿದ ಎಣ್ಣೆಯನ್ನು ಒಟ್ಟು ಮಾಡಿ ಬಯೋಡೀಸೆಲ್‌ಗೆ ಕಳಿಸುವ ರುಕೋ ಎಂಬ ಯೋಜನೆಯನ್ನೂ ಆರಂಭಿಸಿತು. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಲೆಕ್ಕ ಇಡಬೇಕೆಂದು 2019ರ ಮಾರ್ಚ್‌ನಿಂದ ಹೇಳಿದೆ. ಆದರೆ ಎಕಂಬಾದ ಬಸ್ ನಿಲ್ದಾಣದಂಥ ಜಾಗದ ಬಂಡಿ 50 ಲೀಟರ್ ಎಲ್ಲಿ ಸುಡುತ್ತದೆ? ಲೆಕ್ಕದ ಪುಸ್ತಕ ಅದಕ್ಕಿಲ್ಲ, ಅಳೆಯುವ ಮೀಟರು ಅದರ ಹತ್ತಿರ ಬರುವುದೂ ಅಪರೂಪ. ಆ ಬಂಡಿಗೆ ಇರುವ ಇನ್‌ಸ್ಪೆಕ್ಟರ್ ನೀವೊಬ್ಬರೇ. ನೀವು ಬಲ್ಲವರು, ಆದರೂ ಕಾಗದದ ಮೇಲೆ ಭಜಿ ಇಟ್ಟು ಒತ್ತಿ, ಮೂಡಿದ ಎಣ್ಣೆಯ ಕಲೆ ಕಂದಾಗಿರುವುದನ್ನು ಕಂಡೂ, ಕಾಗದ ಮಡಚಿ ಬಿಸಾಡಿ ಹೋಗುತ್ತೀರಿ.

ಇನ್ನು ಲಗ್ನ. ನಮ್ಮ ಕಡೆ ಲಗ್ನದ ಯಾದಿ ಬರೆಯುವಾಗ ಎಣ್ಣೆಯನ್ನು ಡಬ್ಬಿ ಲೆಕ್ಕದಲ್ಲಿ ಬರೆಯುತ್ತಾರೆ, ಒಂದು ಡಬ್ಬಿ ಎಂದರೆ 15 ಕೆಜಿ ಅಥವಾ 15 ಲೀಟರು. ಬೂಂದಿ, ಪೂರಿ, ಭಜಿ, ಹಪ್ಪಳ, ಎಲ್ಲಕ್ಕೂ ಒಂದೇ ದೊಡ್ಡ ಕಡಾಯಿ, ನಸುಕಿನಿಂದ ಮಧ್ಯಾಹ್ನದವರೆಗೆ ಇಳಿಸದ ಉರಿ. ಊಟ ಮುಗಿದ ಮೇಲೆ ತಳದಲ್ಲಿ ಐದಾರು ಲೀಟರ್ ಕಂದು ಎಣ್ಣೆ ಉಳಿಯುತ್ತದೆ. ಚೆಲ್ಲಲು ಮನಸ್ಸು ಬಾರದು, ದುಡ್ಡು ಕೊಟ್ಟು ತಂದದ್ದು. ಮನೆಗೆ ಒಯ್ಯುವುದೂ ಇಲ್ಲ, ಮನೆಯಲ್ಲಿ ಗಾಣದ ಎಣ್ಣೆ ಇದೆ. ಹಾಗಾದರೆ ಯಾರಿಗೆ? ಪಾತ್ರೆ ತೊಳೆಯಲು ಬಂದ ಹೆಣ್ಣುಮಗಳಿಗೆ ಕ್ಯಾನಿನಲ್ಲಿ ತುಂಬಿ ಕೊಡುತ್ತಾರೆ. ಅವಳು ಕೈಯೆತ್ತಿ ಮುಗಿದು ಒಯ್ಯುತ್ತಾಳೆ. ಇಲ್ಲವೇ ಹೋಟೆಲಿನವನಿಗೆ ಅರ್ಧ ಬೆಲೆಗೆ ಹೋಗುತ್ತದೆ, ಅವನ ಹೊಸ ಎಣ್ಣೆಯಲ್ಲಿ ಬೆರೆತು ನಾಳೆಯ ಉಪ್ಪಿಟ್ಟಿನ ಒಗ್ಗರಣೆಯಾಗುತ್ತದೆ. ಇಲ್ಲವೇ ಪುಣ್ಯದ ಲೆಕ್ಕದಲ್ಲಿ ಎಲ್ಲಿಯಾದರೂ ಮಕ್ಕಳ ಊಟಕ್ಕೆ ಕಳಿಸುತ್ತಾರೆ. ಕೊಟ್ಟವರ ಮನಸ್ಸಿನಲ್ಲಿ ಕೇಡಿಲ್ಲ, ಅದನ್ನು ನಾನು ಬಲ್ಲೆ. ಆದರೆ ಒಂದು ಮಾತು ಕೇಳಲೇಬೇಕು. ಆ ಎಣ್ಣೆ ನಿಮ್ಮ ಮಗುವಿನ ರೊಟ್ಟಿಗೆ ಬೇಡವೆಂದು ನೀವೇ ತೀರ್ಮಾನಿಸಿದ್ದೀರಿ. ಅವಳ ಮಗುವಿನ ರೊಟ್ಟಿಗೆ ಅದು ಹೇಗೆ ಬೇಕಾಯಿತು?

ಶಾಲೆಯ ಮಧ್ಯಾಹ್ನದ ಬಿಸಿಯೂಟದಲ್ಲಿ ಒಂದನೆಯಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 5 ಗ್ರಾಂ, ಆರರಿಂದ ಎಂಟನೆಯವರೆಗಿನ ಮಗುವಿಗೆ 7.5 ಗ್ರಾಂ ಎಣ್ಣೆ ಎಂದು ಲೆಕ್ಕವಿದೆ. ಒಂದು ಸಣ್ಣ ಚಮಚ. ಎಷ್ಟೋ ಮಕ್ಕಳಿಗೆ ಇಡೀ ದಿನದಲ್ಲಿ ಸಿಗುವ ಒಳ್ಳೆಯ ಎಣ್ಣೆ ಅಷ್ಟೇ. ಆ ಒಂದು ಚಮಚ ಹೊಸದಾಗಿರಬೇಕು, ಮುಚ್ಚಿದ ಪ್ಯಾಕೆಟ್ಟಿನಿಂದ ಬಂದಿರಬೇಕು. ನಮ್ಮ ಸಂತೋಷದ ಕಡಾಯಿಯ ತಳ ಅದರಲ್ಲಿ ಬೆರೆಯಬಾರದು. ಎಸ್‌ಡಿಎಂಸಿಯಲ್ಲಿ ಕುಂತವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಉಗ್ರಾಣದ ಬಾಗಿಲು ತೆಗೆಸಿ, ಪ್ಯಾಕೆಟ್ಟಿನ ತಾರೀಖು ನೋಡುವ ಅಧಿಕಾರ ನಿಮಗಿದೆ. ಆ ಮಕ್ಕಳಿಗೆ ಇಲ್ಲ.

ತಿನ್ನುವವರಿಗಿಂತಲೂ ಮಾತಿಲ್ಲದವರು ಇನ್ನೊಬ್ಬರಿದ್ದಾರೆ, ಕಡಾಯಿಯ ಮುಂದೆ ನಿಂತ ಹೆಣ್ಣುಮಗಳು. ನೀವು ಹತ್ತು ನಿಮಿಷ ನಿಂತು ಭಜಿ ತಿಂದು ಹೋಗುತ್ತೀರಿ, ಆಕೆ ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಅದೇ ಹೊಗೆಯ ಮೇಲೆ ಬಗ್ಗಿರುತ್ತಾಳೆ. ಹೆಚ್ಚು ಕಾವಿನಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ, 2ಎ ಎಂಬ ಗುಂಪಿಗೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಸೇರಿಸಿದೆ. 2010ರಲ್ಲಿ ಆ ವರದಿ ಅಚ್ಚಾಯಿತು. ಬೀಡಿ ಸೇದದ, ಎಲೆ ಅಡಿಕೆ ಹಾಕದ ಹೆಣ್ಣುಮಕ್ಕಳು ಕೆಮ್ಮುತ್ತಾ ದವಾಖಾನೆಗೆ ಹೋದರೆ ಎಣ್ಣೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹಳೆಯ ಎಣ್ಣೆ ಬೇಗ ಹೊಗೆಯಾಡುತ್ತದೆ ಎಂದೆನಲ್ಲ, ಆ ಹೊಗೆಯ ಮೊದಲ ಉಸಿರು ಆಕೆಯದು. ನಿಮಗೆ ಅಗ್ಗದ ಭಜಿ ಸಿಗಲೆಂದು ಉಳಿಸಿದ ಎಣ್ಣೆಯ ಬೆಲೆಯನ್ನು ಆಕೆಯ ಎದೆ ಕೊಡುತ್ತಿದೆ.

ಮನೆಯಲ್ಲೂ ಇದೇ. ಪಂಚಮಿಗೆ, ದೀಪಾವಳಿಯ ಫರಾಳಕ್ಕೆ ಕುಂತು ಕರಿಯುವವರು ಮನೆಯ ಹೆಣ್ಣುಮಕ್ಕಳೇ, ಕಿಟಕಿ ಇಲ್ಲದ ಅಡುಗೆ ಕೋಣೆಯೇ ನಮ್ಮಲ್ಲಿ ಹೆಚ್ಚು. ಅಂಗಳದಲ್ಲಿ ಒಲೆ ಹೂಡಿ ಕೊಡಿ. ಕಾವು ನೋಡಲು ಯಂತ್ರ ಬೇಡ. ಒಂದು ಚೂರು ಹಿಟ್ಟು ಹಾಕಿದರೆ ಅದು ತಳಕ್ಕೆ ಹೋಗಿ ನಿಧಾನವಾಗಿ, ಸುತ್ತ ಗುಳ್ಳೆ ಕಟ್ಟಿಕೊಂಡು ಮೇಲೆ ಬಂದರೆ ಕಾವು ಸರಿಯಾಗಿದೆ. ಬಿದ್ದೊಡನೆ ಮೇಲೆ ಜಿಗಿದು ಕಪ್ಪಾದರೆ ಉರಿ ಇಳಿಸಬೇಕು. ಅಗಲ ಕಡಾಯಿಯಲ್ಲಿ ಎಣ್ಣೆ ಹೆಚ್ಚು ಹಿಡಿಯುತ್ತದೆ, ಗಾಳಿಯೂ ಹೆಚ್ಚು ತಾಗುತ್ತದೆ. ಬಾಯಿ ಚಿಕ್ಕದಾಗಿ ಆಳ ಇರುವ ಕಡಾಯಿಯಲ್ಲಿ ಅರ್ಧ ಲೀಟರಿನಲ್ಲಿ ಕೆಲಸ ಮುಗಿಯುತ್ತದೆ, ಉಳಿಯುವುದು ಕಡಿಮೆ. ಉಪ್ಪು ಕಡಾಯಿಯ ಮೇಲೆ ಉದುರಿಸಬೇಡಿ, ಕರಿದು ತೆಗೆದ ಮೇಲೆ ಹಾಕಿ. ಉಳಿದದ್ದನ್ನು ಆರಿಸಿ, ಬಟ್ಟೆಯಲ್ಲಿ ಸೋಸಿ, ಎರಡು ದಿನದೊಳಗೆ ಪಲ್ಯಕ್ಕೆ ಹಾಕಿ ಮುಗಿಸಿಬಿಡಿ, ಮತ್ತೆ ಕರಿಯಲು ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯೂ ಇದನ್ನೇ ಹೇಳುತ್ತದೆ.

ಪ್ಯಾಕೆಟ್ಟಿನ ಮಾತನ್ನೂ ಆಡಿಬಿಡುತ್ತೇನೆ, ಯಾಕೆಂದರೆ ಕಣ್ಣು ಕಟ್ಟುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಕೊಲೆಸ್ಟ್ರಾಲ್ ಇಲ್ಲ ಎಂದು ಹೃದಯದ ಚಿತ್ರ ಹಾಕಿ ಬರೆಯುತ್ತಾರೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಹಿಡಿಯುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ಅಗ್ಗದ ತಾಳೆಯಲ್ಲೂ ಇಲ್ಲ, ದುಬಾರಿ ಕುಸುಬಿಯಲ್ಲೂ ಇಲ್ಲ. ಡಬಲ್ ರಿಫೈನ್ಡ್, ಅಲ್ಟ್ರಾ ರಿಫೈನ್ಡ್, ಸೂಪರ್ ರಿಫೈನ್ಡ್, ಕೊಲೆಸ್ಟ್ರಾಲ್ ಫೈಟರ್, ಹೃದಯಕ್ಕೆ ಹಿತ ಎಂಬಂಥ ಮಾತುಗಳನ್ನು ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಬರೆಯಲೇಬಾರದೆಂದು ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲೇ ಇತ್ತು. ಮುಂದೆ ದೊಡ್ಡದಾಗಿ ಒಂದು ಹೂವಿನ ಚಿತ್ರವಿದ್ದರೆ ಹಿಂದೆ ತಿರುಗಿಸಿ. ಮಿಶ್ರ ಎಣ್ಣೆ ಎಂದಿದ್ದರೆ ಯಾವುದು ನೂರಕ್ಕೆ ಎಷ್ಟು ಎಂದು ಬರೆದಿರಲೇಬೇಕು. ನಿಯಮದಂತೆ ಒಂದೊಂದೂ ಕನಿಷ್ಠ 20 ಭಾಗ ಇದ್ದರೆ ಸಾಕು, ಹಾಗಾಗಿ ಹೂವು ಐದರಲ್ಲಿ ಒಂದು ಪಾಲಷ್ಟೇ ಇರಬಹುದು. ಐಎನ್‌ಎಸ್ 319 ಎಂದಿದ್ದರೆ ಅದು ಎಣ್ಣೆ ಬೇಗ ಕೆಡದಂತೆ ಹಾಕುವ ಟಿಬಿಎಚ್‌ಕ್ಯು. ಮಿತಿಯೊಳಗೆ ಕಾನೂನು ಒಪ್ಪಿದ್ದೇ, ಆದರೆ ಗಾಣದ ಹಸಿ ಎಣ್ಣೆ ಎಂದು ಹೇಳಿ ಮಾರುವ ಬಾಟಲಿಯಲ್ಲಿ ಅದು ಕಂಡರೆ ಒಂದು ಪ್ರಶ್ನೆ ಕೇಳಬೇಕು.

ಗಾಣದ್ದು ಎಂದು ಹೇಳಿದ್ದೆಲ್ಲ ಗಾಣದ್ದಲ್ಲ. ಇದನ್ನು ಹಿಡಿಯಲು ಅಂಗಡಿಯಲ್ಲೇ ಒಂದು ಲೆಕ್ಕ ಹಾಕಬಹುದು. ಶೇಂಗಾ ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ ಇರುತ್ತದೆ, ಗಾಣ ಅದರಲ್ಲಿ ಒಂದಿಷ್ಟನ್ನು ಹಿಂಡಿಯಲ್ಲೇ ಬಿಡುತ್ತದೆ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ. ಆದ್ದರಿಂದ ಒಂದು ಲೀಟರಿಗೆ ಎರಡೂಕಾಲಿನಿಂದ ಎರಡೂವರೆ ಕೆಜಿ ಕಾಳು ಬೇಕು. ಕುಸುಬಿಯಲ್ಲಿ ಎಣ್ಣೆ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಹಾಗಾಗಿ ಮೂರೂವರೆ ನಾಲ್ಕು ಕೆಜಿ ಬೇಕು. ಅವತ್ತಿನ ಕಾಳಿನ ಬೆಲೆಯಿಂದ ಗುಣಿಸಿ, ಹಿಂಡಿ ಮಾರಿದ ದುಡ್ಡು ಕಳೆಯಿರಿ. ಬಂದ ಮೊತ್ತಕ್ಕಿಂತ ಕಡಿಮೆಗೆ ಯಾರಾದರೂ ಗಾಣದ ಎಣ್ಣೆ ಕೊಡುತ್ತೇನೆ ಎಂದರೆ ಅದರಲ್ಲಿ ಇನ್ನೇನೋ ಬೆರೆತಿದೆ. ಇನ್ನೊಂದು ಗುರುತು ನಮ್ಮ ಬೀದರಿನ ಚಳಿಯೇ ಕೊಡುತ್ತದೆ. ಪುಷ್ಯದ ನಸುಕಿನಲ್ಲಿ ಕುಸುಬಿ ಎಣ್ಣೆ ತಿಳಿಯಾಗಿಯೇ ಇರಬೇಕು. ಬಾಟಲಿಯ ತಳದಲ್ಲಿ ಬೆಳ್ಳಗೆ ಮಂಜುಗಟ್ಟಿ ಕುಂತರೆ ತಾಳೆ ಎಣ್ಣೆಯ ಬೆರಕೆ ಇರಬಹುದೆಂದು ಅನುಮಾನಿಸಿ. ಶೇಂಗಾ ಎಣ್ಣೆಗೆ ಈ ಪರೀಕ್ಷೆ ಸಲ್ಲದು, ಅದು ತಾನಾಗಿಯೇ ಚಳಿಗೆ ಮಸುಕಾಗುತ್ತದೆ.

ಇಷ್ಟೆಲ್ಲ ನಿಮಗೆ ತಿಳಿಯದ್ದಲ್ಲ. ತಾರೀಖು ಓದಬಲ್ಲಿರಿ, ಲೆಕ್ಕ ಹಾಕಬಲ್ಲಿರಿ, ಒಳ್ಳೆಯದನ್ನು ಆರಿಸಿ ಮನೆಗೆ ತರಬಲ್ಲಿರಿ. ನಾನು ಬೇಡುವುದು ಒಂದೇ. ಆ ತಿಳಿವಳಿಕೆ ನಿಮ್ಮ ಹೊಸ್ತಿಲಲ್ಲೇ ನಿಲ್ಲದಿರಲಿ. ಯಾದಿ ಬರೆಯುವಾಗಲೇ ಆಚಾರಿಯ ಜೊತೆ ಕುಂತು, ಬೂಂದಿಗೊಂದು ಕಡಾಯಿ, ಭಜಿಗೊಂದು ಎಂದು ಬೇರೆ ಮಾಡಿಸಿ, ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಸುರಿಯಲು ಹೇಳಿ. ಪಾತ್ರೆ ತೊಳೆಯುವ ತಾಯಿಗೆ ಕೊಡುವುದಾದರೆ ಬಾಯಿ ಒಡೆಯದ ಹೊಸ ಪ್ಯಾಕೆಟ್ ಕೊಡಿ. ಉಳಿದ ಕಂದು ಎಣ್ಣೆಯನ್ನು ಕೊಳ್ಳುವ ಬಯೋಡೀಸೆಲ್ಲಿನವರು ಸಿಕ್ಕರೆ ಅವರಿಗೆ, ಇಲ್ಲದಿದ್ದರೆ ಕಟ್ಟಿಗೆಯ ಪುಡಿಯಲ್ಲಿ ಕಲಸಿ ಕಸಕ್ಕೆ. ಮೋರಿಗೆ ಬೇಡ.

ಬಂಡಿಯವನಿಗೆ ಬೈಯಬೇಡಿ. ಅವನ ಲೆಕ್ಕವನ್ನು ಅವನ ಜೊತೆ ನಿಂತು ಮಾಡಿ ನೋಡಿ. ಸಂಜೆ ಕಡಾಯಿಗೆ ಮೂರು ಲೀಟರ್ ಹೊಸ ಎಣ್ಣೆ ಹಾಕುತ್ತಾನೆ ಎಂದಿಟ್ಟುಕೊಳ್ಳಿ. ಒಂದು ಪ್ಲೇಟು ಭಜಿ ಹದಿನೈದು ಇಪ್ಪತ್ತು ಗ್ರಾಂ ಎಣ್ಣೆ ಕುಡಿಯುತ್ತದೆ. ನೂರು ಪ್ಲೇಟು ಹೋಗುವ ಹೊತ್ತಿಗೆ ಎರಡು ಲೀಟರು ತಿಂದವರ ಹೊಟ್ಟೆ ಸೇರಿ, ಕಡಾಯಿಯಲ್ಲಿ ಒಂದು ಲೀಟರು ಉಳಿಯುತ್ತದೆ. ಲೀಟರಿಗೆ 150 ರೂಪಾಯಿ ಹಿಡಿದರೂ ಆ ಒಂದು ಲೀಟರನ್ನು ನಾಳೆಗೆ ಇಡದೆ ತೆಗೆದಿಟ್ಟರೆ ಅವನಿಗೆ ಆಗುವ ನಷ್ಟ 150 ರೂಪಾಯಿ, ಅದನ್ನು ನೂರು ಪ್ಲೇಟಿಗೆ ಹಂಚಿದರೆ ಒಂದೂವರೆ ರೂಪಾಯಿ. ಅಷ್ಟನ್ನು ಅವನೊಬ್ಬನೇ ಹೊರಲಾರ, ಪಕ್ಕದ ಬಂಡಿಯವನು ಹಳೆಯ ಎಣ್ಣೆಯಲ್ಲಿ ಕರಿದು ಅಗ್ಗಕ್ಕೆ ಮಾರುತ್ತಿರುವಾಗ ಇವನು ಬೆಲೆ ಏರಿಸಿದರೆ ಗಿರಾಕಿ ಅತ್ತ ಹೋಗುತ್ತಾರೆ. ಅತ್ತ ಹೋಗುವ ಗಿರಾಕಿ ನೀವೇ. ಆದ್ದರಿಂದ ಪ್ಲೇಟಿಗೆ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ, ರಾತ್ರಿ ಉಳಿದದ್ದನ್ನು ಬೇರೆ ಕ್ಯಾನಿಗೆ ಹಾಕು, ನಾಳೆ ಹೊಸದು ಸುರಿ ಎಂದು ನೀವೇ ಬಾಯಿಬಿಟ್ಟು ಹೇಳಿ. ಪಕ್ಕದ ಬಂಡಿಗೂ ಅದೇ ಮಾತು ಹೇಳಿ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಸಾಲುಗಟ್ಟಿ ಕುಂತ ಕಡಾಯಿಗಳ ಮುಂದೆ, ಜಾತ್ರೆ ಕಮಿಟಿಯವರ ಮುಂದೆ ಅದೇ ಮಾತು ಹೇಳಿ. ಜಾಗದ ಬಾಡಿಗೆ ವಸೂಲಿ ಮಾಡುವಾಗಲೇ ಎಣ್ಣೆ ದಿನಕ್ಕೊಮ್ಮೆ ಬದಲಿಸಬೇಕೆಂಬ ಷರತ್ತನ್ನೂ ಅದೇ ರಸೀತಿಯಲ್ಲಿ ಬರೆಸಿ.